ಉರುಳಿದ ಕಲ್ಲುಗಳು ಕೊಟ್ಟ ಸಾಕ್ಷಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹಳೆಯ ಫೋಟೊ, ನಾಣ್ಯ, ಪತ್ರಗಳನ್ನು ತರಗತಿಗೆ ತರುವ ಇತಿಹಾಸ ಶಿಕ್ಷಕರು ಅನೇಕರಿದ್ದಾರೆ. ಆದರೆ ಬಹಳಷ್ಟು ಸಲ ಅವು ಪಾಠದ ಅಲಂಕಾರವಾಗಿ ಉಳಿದುಬಿಡುತ್ತವೆ. ಮಕ್ಕಳು ನೋಡುತ್ತಾರೆ, ಮುಟ್ಟುತ್ತಾರೆ, ಪಾಠ ಮುಂದೆ ಸಾಗುತ್ತದೆ. ಅವುಗಳಿಂದ ಸಾಕ್ಷ್ಯ ತೆಗೆಯುವುದನ್ನು ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಹೇಗೆ ಕಲಿಸಬಹುದು? ಒಂದೇ ಉದಾಹರಣೆಯನ್ನು ಹಿಡಿದು ನೋಡೋಣ.

1855ರ ಏಪ್ರಿಲ್‌ನಲ್ಲಿ, ಕ್ರಿಮಿಯಾ ಯುದ್ಧದ ಕಾಲದಲ್ಲಿ, ರೋಜರ್ ಫೆಂಟನ್ ಎಂಬ ಇಂಗ್ಲಿಷ್ ಛಾಯಾಗ್ರಾಹಕರು ಸೆವಾಸ್ಟೊಪೋಲ್ ಬಳಿಯ ಒಂದು ಬೋಳು ಕಣಿವೆಯಲ್ಲಿ ಫೋಟೊ ತೆಗೆದರು. ದಾರಿಯ ತುಂಬ ಫಿರಂಗಿಯ ಗುಂಡುಗಳು ಬಿದ್ದಿವೆ. ಈ ಚಿತ್ರವನ್ನು ಶೀರ್ಷಿಕೆಯಿಲ್ಲದೆ ಮಕ್ಕಳ ಕೈಗೆ ಕೊಡಬೇಕು. ಶೀರ್ಷಿಕೆ ಮೊದಲೇ ಸಿಕ್ಕರೆ ಅವರು ಚಿತ್ರವನ್ನು ಬಿಟ್ಟು ಶೀರ್ಷಿಕೆಯನ್ನೇ ಓದುತ್ತಾರೆ. ಹಾಳೆಯ ನಡುವೆ ಗೆರೆ ಎಳೆದು, ಒಂದು ಕಡೆ ಕಂಡದ್ದನ್ನೂ ಇನ್ನೊಂದು ಕಡೆ ಊಹಿಸಿದ್ದನ್ನೂ ಬರೆಯಲು ಹೇಳಿ. ‘ಇಲ್ಲಿ ತುಂಬಾ ಸೈನಿಕರು ಸತ್ತಿದ್ದಾರೆ’ ಎಂಬ ವಾಕ್ಯ ಕಂಡದ್ದರ ಸಾಲಿನಲ್ಲಿ ಬಂದರೆ ಅಚ್ಚರಿಪಡಬೇಡಿ. ಚಿತ್ರದಲ್ಲಿ ಒಬ್ಬ ಮನುಷ್ಯನೂ ಇಲ್ಲ. ತಪ್ಪೆಂದು ಹೇಳದೆ, ‘ಅದನ್ನು ಬೆರಳಿಟ್ಟು ತೋರಿಸು’ ಎನ್ನಿ. ತೋರಿಸಲಾಗದ ವಾಕ್ಯವನ್ನು ಮಗು ತಾನೇ ಗೆರೆಯ ಆಚೆಗೆ ಸಾಗಿಸುತ್ತದೆ.

ಈಗ ಎರಡನೆಯ ಚಿತ್ರ ಕೊಡಿ. ಅದೇ ಕಣಿವೆ, ಕ್ಯಾಮೆರಾ ಇಟ್ಟ ಜಾಗವೂ ಅದೇ. ಆದರೆ ದಾರಿಯ ಮೇಲೆ ಗುಂಡುಗಳಿಲ್ಲ, ಪಕ್ಕದ ತಗ್ಗಿನಲ್ಲಿವೆ. ಯಾವುದನ್ನು ಮೊದಲು ತೆಗೆದದ್ದು? ತರಗತಿ ಎರಡು ಗುಂಪಾಗುತ್ತದೆ. ಚಿತ್ರ ಭೀಕರವಾಗಿ ಕಾಣಲೆಂದು ಗುಂಡುಗಳನ್ನು ದಾರಿಗೆ ತಂದು ಹಾಕಿರಬೇಕು ಎಂಬುದು ಒಂದು ವಾದ. ದಾರಿಯಲ್ಲಿದ್ದ ಗುಂಡುಗಳನ್ನು ಯಾರೋ ಆಮೇಲೆ ತೆರವು ಮಾಡಿರಬೇಕು ಎಂಬುದು ಇನ್ನೊಂದು. ಎರಡೂ ವಾದಗಳು ಛಾಯಾಗ್ರಾಹಕರ ಮನಸ್ಸಿನಲ್ಲಿ ಏನಿತ್ತು, ಲೋಕ ಹೇಗೆ ನಡೆಯುತ್ತದೆ ಎಂಬ ಊಹೆಯ ಮೇಲೆ ನಿಂತಿವೆ. ದೊಡ್ಡವರೂ ಬಹುಕಾಲ ಹೀಗೆಯೇ ವಾದಿಸಿದರು.

2007ರಲ್ಲಿ ಅಮೆರಿಕದ ಚಿತ್ರ ನಿರ್ದೇಶಕ ಎರಲ್ ಮೋರಿಸ್ ಈ ಪ್ರಶ್ನೆಯ ಬೆನ್ನು ಹತ್ತಿದರು. ಉತ್ತರ ಸಿಕ್ಕಿದ್ದು ಗುಂಡುಗಳಲ್ಲಿ ಅಲ್ಲ, ಯಾರೂ ಗಮನಿಸದ ಸಣ್ಣ ಕಲ್ಲುಗಳಲ್ಲಿ. ದಾರಿ ಖಾಲಿಯಿರುವ ಚಿತ್ರದಲ್ಲಿ ಇಳಿಜಾರಿನ ಮೇಲ್ಭಾಗದಲ್ಲಿರುವ ಕೆಲವು ಕಲ್ಲುಗಳು ಇನ್ನೊಂದು ಚಿತ್ರದಲ್ಲಿ ಕೊಂಚ ಕೆಳಗಿವೆ. ಕಲ್ಲು ತಾನಾಗಿ ಕೆಳಕ್ಕೆ ಉರುಳುತ್ತದೆ, ಮೇಲಕ್ಕೆ ಏರುವುದಿಲ್ಲ. ಹಾಗಾಗಿ ಖಾಲಿ ದಾರಿಯ ಚಿತ್ರವೇ ಮೊದಲನೆಯದು. ಇದನ್ನು ಮಕ್ಕಳಿಗೆ ಹೇಳಿಬಿಡಬೇಡಿ, ಹುಡುಕಲು ಬಿಡಿ. ಚಿತ್ರಗಳನ್ನು ದೊಡ್ಡದಾಗಿ ಅಚ್ಚು ಹಾಕಿಸಿ. ಹುಡುಕಾಟ ಪೂರ್ತಿ ನಿಂತುಹೋದರೆ ಮಾತ್ರ ‘ಇಳಿಜಾರು ನೋಡಿ’ ಎನ್ನಿ.

ಈ ಪಾಠದ ಅತ್ಯಂತ ಕಷ್ಟದ ಘಟ್ಟ ಇನ್ನು ಮುಂದಿದೆ. ‘ಹಾಗಾದರೆ ಫೆಂಟನ್ ಮೋಸಗಾರ, ಫೋಟೊ ಸುಳ್ಳು’ ಎಂದು ಮಕ್ಕಳು ತೀರ್ಪು ಕೊಡುತ್ತಾರೆ. ಕಲ್ಲುಗಳು ಹೇಳಿದ್ದು ಕ್ರಮವನ್ನು ಮಾತ್ರ. ಗುಂಡುಗಳನ್ನು ದಾರಿಗೆ ತಂದವರು ಯಾರು, ಯಾಕೆ ತಂದರು ಎಂಬುದನ್ನು ಅವು ಹೇಳುವುದಿಲ್ಲ. ಫೆಂಟನ್ ಮನೆಗೆ ಬರೆದ ಪತ್ರದಲ್ಲಿ ಆ ಕಣಿವೆಯಲ್ಲಿ ಎರಡು ಒಳ್ಳೆಯ ಚಿತ್ರಗಳು ಸಿಕ್ಕವು ಎಂಬ ಮಾತಿದೆ. ಅಲ್ಲಿಗೆ ಹೋದದ್ದಕ್ಕೆ, ಚಿತ್ರ ತೆಗೆದದ್ದಕ್ಕೆ ಪತ್ರ ಒಳ್ಳೆಯ ಸಾಕ್ಷಿ. ಆದರೆ ಮನೆಯವರಿಗೆ ಬರೆಯುವವನು ಏನನ್ನು ಹೇಳುತ್ತಾನೆ, ಏನನ್ನು ಬಿಡುತ್ತಾನೆ ಎಂದೂ ಕೇಳಬೇಕು. ಇನ್ನು, ಗುಂಡುಗಳನ್ನು ಸರಿಸಿದ್ದರೂ ಆ ನೆಲ ಎಷ್ಟು ಬೋಳಾಗಿತ್ತು ಎಂಬುದಕ್ಕೆ ಫೋಟೊ ಈಗಲೂ ನಂಬಲರ್ಹ. ಒಂದು ಪ್ರಶ್ನೆಗೆ ಕೈಕೊಟ್ಟ ಆಕರ ಇನ್ನೊಂದು ಪ್ರಶ್ನೆಗೆ ನಿಲ್ಲಬಹುದು. ಇಡೀ ಅಭ್ಯಾಸದಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಈ ತಿಳಿವಿಗೆ.

ನಾಣ್ಯದಲ್ಲಿ ಇದೇ ತಿಳಿವು ಬೇಗ ಕೈಗೆ ಸಿಗುತ್ತದೆ. ಆಸ್ಟ್ರಿಯಾದ ಮರಿಯಾ ತೆರೇಸಾ 1780ರಲ್ಲಿ ತೀರಿಕೊಂಡರು. ಅವರ ಮುಖವಿರುವ ಥೇಲರ್ ಎಂಬ ಬೆಳ್ಳಿ ನಾಣ್ಯಕ್ಕೆ ದೂರದೇಶಗಳ ವ್ಯಾಪಾರದಲ್ಲಿ ಎಷ್ಟು ನಂಬಿಕೆಯಿತ್ತೆಂದರೆ, ಇಪ್ಪತ್ತನೆಯ ಶತಮಾನದಲ್ಲಿಯೂ 1780 ಎಂಬ ಇಸವಿಯನ್ನೇ ಒತ್ತಿ ಟಂಕಿಸುತ್ತಿದ್ದರು. ಒಂದು ಹಳೆಯ ಮನೆಯ ಅಡಿಪಾಯದಲ್ಲಿ ಇಂಥ ನಾಣ್ಯ ಸಿಕ್ಕಿತು ಎಂದುಕೊಳ್ಳಿ. ‘ಮನೆ 1780ರದ್ದು’ ಎಂದು ಮಗು ಬರೆದರೆ ಅದು ನಾಣ್ಯದ ಅಕ್ಷರ ಓದಿದೆ, ಅಷ್ಟೆ. ‘ನಾಣ್ಯ ಅಲ್ಲಿಗೆ ಸೇರಿದ್ದು 1780ಕ್ಕಿಂತ ಮೊದಲಲ್ಲ, ಎಷ್ಟು ತಡವಾಗಿ ಎಂದು ಇದೊಂದರಿಂದ ತಿಳಿಯದು’ ಎಂದರೆ ಸಾಕ್ಷ್ಯವನ್ನು ಓದಿದೆ.

ಕಲಿತದ್ದನ್ನು ಅಳೆಯಲು, ಹಿಂದೆ ನೋಡಿರದ ಒಂದು ಪತ್ರವನ್ನೋ ಚಿತ್ರವನ್ನೋ ಕೊಟ್ಟು ಮೂರು ವಾಕ್ಯ ಬರೆಸಿ: ಇದು ಏನನ್ನು ತೋರಿಸುತ್ತದೆ, ಯಾವ ಗುರುತಿನಿಂದ ಹಾಗೆನ್ನುತ್ತೀರಿ, ಯಾವ ಪ್ರಶ್ನೆಗೆ ಇದು ಸಾಲದು. ಮೊದಲನೆಯದನ್ನು ಬಹುತೇಕ ಎಲ್ಲರೂ ಬರೆಯುತ್ತಾರೆ. ಅಂಕವನ್ನು ಉಳಿದ ಎರಡಕ್ಕೆ ಇಡಿ.

ನಮಸ್ಕಾರ.