ಲೆಕ್ಕ ಬರೆದಿಡದೆ ಸರಿಯಾಗುವ ಮರ

ಕೇಳುಗರಿಗೆ ನಮಸ್ಕಾರ. ಇವತ್ತು ಬೈನರಿ ಸರ್ಚ್ ಟ್ರೀಗಳಲ್ಲಿ ಸ್ವಲ್ಪ ಸೋಮಾರಿಯಾದ ಒಂದು ಜಾತಿಯ, ಅಂದರೆ ಸ್ಕೇಪ್‌ಗೋಟ್ ಮರದ, ಬಗ್ಗೆ ಮಾತಾಡೋಣ. ಕಾಗದ, ಪೆನ್ನು ಹತ್ತಿರ ಇದ್ದರೆ ಇಟ್ಟುಕೊಳ್ಳಿ, ಮಧ್ಯದಲ್ಲಿ ಒಂದು ಚಿಕ್ಕ ಮರ ಬರೆಯುವುದಿದೆ.

ಬೈನರಿ ಸರ್ಚ್ ಟ್ರೀಯ ನಿಯಮ ನಿಮಗೆ ಗೊತ್ತಿರುತ್ತದೆ. ಪ್ರತಿ ನೋಡ್‌ಗಿಂತ ಸಣ್ಣದೆಲ್ಲ ಎಡಕ್ಕೆ, ದೊಡ್ಡದೆಲ್ಲ ಬಲಕ್ಕೆ. ತೊಂದರೆಯೂ ಗೊತ್ತು: ಸಂಖ್ಯೆಗಳು ಏರಿಕೆ ಕ್ರಮದಲ್ಲಿ ಬಂದುಬಿಟ್ಟರೆ ಮರ ಹೋಗಿ ಉದ್ದನೆಯ ಸರಪಳಿಯಾಗುತ್ತದೆ, ಹುಡುಕಾಟ ನಿಧಾನವಾಗುತ್ತದೆ. ಇದನ್ನು ತಡೆಯಲು ಎವಿಎಲ್ ಮರ ಪ್ರತಿ ನೋಡ್‌ನಲ್ಲೂ ಎತ್ತರದ ಲೆಕ್ಕ ಇಡುತ್ತದೆ, ಕೆಂಪು-ಕಪ್ಪು ಮರ ಬಣ್ಣ ಇಡುತ್ತದೆ. ಸ್ಕೇಪ್‌ಗೋಟ್ ಮರ ಇದ್ಯಾವುದನ್ನೂ ಇಡುವುದಿಲ್ಲ. ನೋಡ್‌ನಲ್ಲಿ ಇರುವುದು ಕೀ, ಎಡ ಮಗು, ಬಲ ಮಗು, ಅಷ್ಟೇ. ತಂದೆಯ ಕಡೆಗೆ ಪಾಯಿಂಟರ್ ಕೂಡ ಬೇಡ. ಇಡೀ ಮರಕ್ಕೆ ಸೇರಿ ಎರಡೇ ಸಂಖ್ಯೆ: ಈಗ ಎಷ್ಟು ನೋಡ್ ಇವೆ, ಕಳೆದ ಸಲ ಇಡೀ ಮರ ಕಟ್ಟಿದ ಮೇಲೆ ಹೆಚ್ಚೆಂದರೆ ಎಷ್ಟಿದ್ದವು. ಈ ಉಪಾಯವನ್ನು ಆರ್ನೆ ಆಂಡರ್ಸನ್ 1989ರಲ್ಲಿ ಹೇಳಿದರು. ಗಾಲ್ಪೆರಿನ್ ಮತ್ತು ರಿವೆಸ್ಟ್ 1993ರಲ್ಲಿ ಬೇರೆಯಾಗಿಯೇ ಅಲ್ಲಿಗೆ ತಲುಪಿದರು. ಸ್ಕೇಪ್‌ಗೋಟ್, ಅಂದರೆ ಬಲಿಪಶು, ಅನ್ನುವ ಹೆಸರು ಅವರದು.

ಹಾಗಾದರೆ ಮರ ಒಂದು ಕಡೆಗೆ ವಾಲಿದೆ ಅಂತ ಗೊತ್ತಾಗುವುದು ಹೇಗೆ?

ಹೊಸ ಕೀ ಸೇರಿಸಲು ಹೇಗೂ ರೂಟ್‌ನಿಂದ ಕೆಳಗೆ ಇಳಿಯಲೇಬೇಕು ಅಲ್ವಾ? ಇಳಿಯುವಾಗ ಮೆಟ್ಟಿಲು ಎಣಿಸುತ್ತಾ ಹೋಗುತ್ತೇವೆ. ಆ ಆಳ ಮಿತಿ ಮೀರಿತು ಅಂದರೆ ದಾರಿಯಲ್ಲಿ ಎಲ್ಲೋ ತಪ್ಪಾಗಿದೆ. ಮಿತಿ ಎಷ್ಟು ಅನ್ನುವುದಕ್ಕೆ ಆಲ್ಫಾ ಅನ್ನುವ ಒಂದು ಸಂಖ್ಯೆ ಬೇಕು, ಅರ್ಧಕ್ಕಿಂತ ಹೆಚ್ಚು, ಒಂದಕ್ಕಿಂತ ಕಡಿಮೆ. ನಾವು ಮೂರರಲ್ಲಿ ಎರಡು ಭಾಗ ಅಂತ ಇಟ್ಟುಕೊಳ್ಳೋಣ. ಒಂದು ನೋಡ್‌ನ ಯಾವ ಮಗುವಿನ ಕಡೆಯೂ ಆ ನೋಡ್‌ನ ಒಟ್ಟು ಗಾತ್ರದ ಮೂರನೇ ಎರಡಕ್ಕಿಂತ ಜಾಸ್ತಿ ಇರದಿದ್ದರೆ ಆ ನೋಡ್ ಸಮವಾಗಿದೆ ಅಂತ ಅರ್ಥ. ಹಾಗಿದ್ದಲ್ಲಿ ಒಂದೊಂದು ಮೆಟ್ಟಿಲು ಇಳಿದಾಗಲೂ ಕೆಳಗಿರುವ ಗಾತ್ರ ಕಡೇಪಕ್ಷ 1.5ರಿಂದ ಭಾಗವಾಗುತ್ತದೆ. ಆದ್ದರಿಂದ ಒಟ್ಟು ನೋಡ್‌ಗಳ ಸಂಖ್ಯೆಯನ್ನು 1ಕ್ಕಿಂತ ಕೆಳಗೆ ಇಳಿಯದಂತೆ ಎಷ್ಟು ಸಲ 1.5ರಿಂದ ಭಾಗಿಸಬಹುದೋ ಅಷ್ಟೇ ಆಳದ ಮಿತಿ. ಅದನ್ನು ಮೀರಿ ಒಂದು ನೋಡ್ ಕೂತಿದೆ ಅಂದರೆ, ಅದರ ಮೇಲಿನ ದಾರಿಯಲ್ಲಿ ಸಮವಿಲ್ಲದ ನೋಡ್ ಒಂದಾದರೂ ಇರಲೇಬೇಕು. ಹುಡುಕಿದರೆ ಸಿಕ್ಕೇ ಸಿಗುತ್ತದೆ ಅನ್ನುವ ಭರವಸೆ ಬರುವುದು ಇಲ್ಲಿಂದ.

ಈಗ ಕಾಗದ ತೆಗೆದುಕೊಳ್ಳಿ. 1, 2, 3, 4, 5 ಇದೇ ಕ್ರಮದಲ್ಲಿ ಸೇರಿಸಿ. ರೂಟ್‌ನ ಆಳ ಸೊನ್ನೆ. ನಾಲ್ಕರ ತನಕ ಮರ ಬಲಕ್ಕೆ ನೇರ ಇಳಿದರೂ ಮಿತಿಯೊಳಗೇ ಇರುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. 5 ಬಂದಾಗ ಅದರ ಆಳ 4. ಮಿತಿ ನೋಡಿ: 5ನ್ನು 1.5ರಿಂದ ಭಾಗಿಸಿದರೆ 3.33, ಮತ್ತೆ 2.22, ಮತ್ತೆ 1.48, ಇನ್ನೊಮ್ಮೆ ಭಾಗಿಸಿದರೆ 1ಕ್ಕಿಂತ ಸ್ವಲ್ಪ ಕೆಳಗೆ. ಅಂದರೆ ಮಿತಿ 3. ಮೀರಿತು.

ಇನ್ನು ಬಂದ ದಾರಿಯಲ್ಲೇ ಮೇಲೆ ಹತ್ತಬೇಕು. ಗಾತ್ರ ಎಲ್ಲೂ ಬರೆದಿಟ್ಟಿಲ್ಲ, ಆದ್ದರಿಂದ ಹತ್ತುತ್ತಲೇ ಎಣಿಸಬೇಕು. ನಾವು ಬಂದ ಕಡೆಯ ಗಾತ್ರ ಕೈಯಲ್ಲಿದೆ, ಇನ್ನೊಂದು ಕಡೆಯ ಮಗುವನ್ನು ಮಾತ್ರ ಎಣಿಸಿದರೆ ಸಾಕು. 4ರ ಕೆಳಗೆ ಅದೂ ಸೇರಿ 2 ನೋಡ್, ಬಲಗಡೆ 1, ಸರಿಯಿದೆ. 3ರ ಬಳಿ ಒಟ್ಟು 3, ಬಲಗಡೆ 2. ಇದು ಸರಿಯಾಗಿ ಮೂರನೇ ಎರಡು, ಮೀರಿಲ್ಲ, ಬಿಟ್ಟುಬಿಡಿ. (ಪ್ರೋಗ್ರಾಂ ಬರೆಯುವವರು ಇಲ್ಲಿ ದಶಾಂಶದಲ್ಲಿ ಹೋಲಿಸಬೇಡಿ. ಮಗುವಿನ ಗಾತ್ರದ ಮೂರರಷ್ಟು, ಒಟ್ಟು ಗಾತ್ರದ ಎರಡರಷ್ಟಕ್ಕಿಂತ ಜಾಸ್ತಿಯೇ ಅಂತ ಪೂರ್ಣಾಂಕದಲ್ಲೇ ಕೇಳಿ.) 2ರ ಬಳಿ ಒಟ್ಟು 4, ಬಲಗಡೆ 3. ನಾಲ್ಕರಲ್ಲಿ ಮೂರು ಅಂದರೆ ಮೀರಿತು. ಸಿಕ್ಕಿತು ಬಲಿಪಶು.

2ರ ಕೆಳಗಿನ ಸಬ್‌ಟ್ರೀಯನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಓದಿಕೊಳ್ಳಿ: 2, 3, 4, 5. ನಡುವಿನದನ್ನು ಮೇಲಿಡಿ, ಎರಡು ಕಡೆಗೂ ಅದನ್ನೇ ಮಾಡಿ. 3 ಮೇಲೆ, ಎಡಕ್ಕೆ 2, ಬಲಕ್ಕೆ 4, ಅದರ ಬಲಕ್ಕೆ 5. ಇದನ್ನು 1ರ ಬಲಕ್ಕೆ ಕಟ್ಟಿದರೆ 5ರ ಆಳ 3 ಆಯಿತು, ಕೆಲಸ ಮುಗಿಯಿತು.

ಈಗ ರೂಟ್ ಕಡೆ ಒಮ್ಮೆ ನೋಡಿ. 1ರ ಎಡಕ್ಕೆ ಏನೂ ಇಲ್ಲ, ಬಲಕ್ಕೆ ನಾಲ್ಕು. ಇದು 2ಕ್ಕಿಂತಲೂ ಕೆಟ್ಟದಾಗಿ ವಾಲಿದೆ! ಆದರೂ ಮುಟ್ಟಲಿಲ್ಲ. ನನಗೆ ಈ ಮರದಲ್ಲಿ ತುಂಬ ಹಿಡಿಸುವುದು ಇದೇ. ಯಾರು ಜಾಸ್ತಿ ತಪ್ಪಿತಸ್ಥರು ಅಂತ ಅದು ತನಿಖೆ ಮಾಡುವುದಿಲ್ಲ, ಕೆಳಗಿನಿಂದ ಹತ್ತುವಾಗ ಮೊದಲು ಸಿಕ್ಕವರನ್ನು ಹಿಡಿಯುತ್ತದೆ, ಆಳ ಮಿತಿಯೊಳಗೆ ಬಂದರೆ ಉಳಿದವರನ್ನು ಸುಮ್ನೆ ಬಿಡುತ್ತದೆ. ಹೀಗೇ 10ರ ತನಕ ಸೇರಿಸಿ ನೋಡಿ. 7ಕ್ಕೆ ಮತ್ತು 9ಕ್ಕೆ ಮತ್ತೆ ನಾಲ್ಕು ನಾಲ್ಕು ನೋಡ್‌ಗಳ ರಿಪೇರಿ, 10 ಬಂದಾಗ ಏಳು ನೋಡ್‌ಗಳದ್ದು. ಅಷ್ಟಾದರೂ 1 ರೂಟ್‌ನಲ್ಲೇ ಕೂತಿರುತ್ತದೆ.

ಇಷ್ಟೆಲ್ಲ ಕೆಡವಿ ಕಟ್ಟಿದರೆ ಖರ್ಚು ಎಷ್ಟಾದೀತು ಅಂತ ಅನುಮಾನ ಬರುವುದು ಸಹಜ. ಆಗಷ್ಟೇ ಕಟ್ಟಿದ 100 ನೋಡ್‌ಗಳ ಸಬ್‌ಟ್ರೀ ತೆಗೆದುಕೊಳ್ಳಿ, ಎಡಕ್ಕೆ 49, ಬಲಕ್ಕೆ 50. ಎಲ್ಲ ಹೊಸ ಕೀಗಳೂ ಬಲಕ್ಕೇ ಬಂದು ಬಿದ್ದರೂ, ಅದು ಮೂರನೇ ಎರಡನ್ನು ಮೀರಲು 51 ಕೀ ಸೇರಬೇಕು. ಆಗ ಕಟ್ಟಬೇಕಾದದ್ದು 151 ನೋಡ್. ಆ 51ಕ್ಕೆ ಹಂಚಿದರೆ ತಲೆಗೆ ಮೂರು ಬರುತ್ತದೆ. ಪ್ರತಿ ಕೀಯೂ ತನ್ನ ದಾರಿಯ ಎಲ್ಲ ಮೆಟ್ಟಿಲಿಗೂ ಹೀಗೆ ಪಾಲು ಕೊಟ್ಟರೂ ಒಟ್ಟು ಖರ್ಚು ಲಾಗರಿದಮ್ ಲೆಕ್ಕದಲ್ಲೇ ನಿಲ್ಲುತ್ತದೆ. ಆದರೆ ಇದು ಸರಾಸರಿಯ ಮಾತು. ಯಾವುದೋ ಒಂದು ನತದೃಷ್ಟ ಕೀ ಬಂದಾಗ ಇಡೀ ಮರವೇ ಮತ್ತೆ ಕಟ್ಟಬೇಕಾಗಬಹುದು, ಆ ಒಂದು ಕೆಲಸ ಮಾತ್ರ ತಟ್ಟನೆ ನಿಂತಂತಾಗುತ್ತದೆ. ಪ್ರತಿ ಸಲವೂ ಸಮಯಕ್ಕೆ ಸರಿಯಾಗಿ ಉತ್ತರ ಬೇಕೇ ಬೇಕು ಅನ್ನುವ ಕಡೆ ಇದನ್ನು ಹಾಕಬೇಡಿ. ಹುಡುಕಾಟಕ್ಕೆ ಈ ಭಯವಿಲ್ಲ, ಅದು ಮರವನ್ನು ಮುಟ್ಟುವುದೇ ಇಲ್ಲ, ಆಳವೂ ಯಾವಾಗಲೂ ಹಿಡಿತದಲ್ಲಿರುತ್ತದೆ. 10 ಲಕ್ಷ ಕೀ ಸೇರಿಸಿದರೆ ನಮ್ಮ ಆಲ್ಫಾಗೆ ಮಿತಿ 34. ಆಲ್ಫಾವನ್ನು 0.75ಕ್ಕೆ ಏರಿಸಿದರೆ ರಿಪೇರಿ ಕಡಿಮೆಯಾಗುತ್ತದೆ, ಮಿತಿ 48 ಆಗುತ್ತದೆ. ಪೂರ್ತಿ ಸಮವಾಗಿ ಕಟ್ಟಿದ ಮರದ ಆಳ 19.

ಅಳಿಸುವುದು ಇನ್ನೂ ಸುಲಭ. ಮಾಮೂಲಿ ಮರದ ಹಾಗೆ ಅಳಿಸಿ, ಒಟ್ಟು ಸಂಖ್ಯೆಯಲ್ಲಿ ಒಂದು ಕಳೆಯಿರಿ. ಅದು ಆ ಎರಡನೇ ಸಂಖ್ಯೆಯ, ಅಂದರೆ ಗರಿಷ್ಠದ, ಮೂರನೇ ಎರಡಕ್ಕಿಂತ ಕೆಳಗೆ ಬಂದರೆ ಇಡೀ ಮರವನ್ನು ಒಮ್ಮೆ ಕಟ್ಟಿ, ಗರಿಷ್ಠವನ್ನು ಈಗಿನ ಸಂಖ್ಯೆಗೆ ಇಳಿಸಿ. ಈ ಕೊನೆಯ ಸಾಲು ಮರೆತರೆ ಉತ್ತರಗಳೆಲ್ಲ ಸರಿಯಾಗಿಯೇ ಬರುತ್ತವೆ, ಆದರೆ ಅಲ್ಲಿಂದ ಮುಂದೆ ಪ್ರತಿ ಅಳಿಸುವಿಕೆಗೂ ಇಡೀ ಮರ ಕಟ್ಟುತ್ತಾ ಕೂರುತ್ತದೆ. ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುವುದಿಲ್ಲ. ಸೇರಿಸುವುದು ಚುರುಕು, ಮೂರನೇ ಒಂದು ಭಾಗ ಅಳಿಸಿದ ಮೇಲೆ ಅಳಿಸುವುದು ಮಾತ್ರ ಆಮೆ ಅಂತ ಕಂಡರೆ ಮೊದಲು ಅಲ್ಲಿ ನೋಡಿ.

ಸಾಧಾರಣ ಕೆಲಸಕ್ಕೆ ಕೆಂಪು-ಕಪ್ಪು ಮರವೇ ಸಾಕಲ್ಲ, ಇದು ಯಾಕೆ ಅಂತ ನೀವು ಕೇಳಬಹುದು. ಎಷ್ಟೋ ಸಲ ಅದೇ ಸಾಕು. ಆದರೆ ಕೆ-ಡಿ ಮರದಂಥ ಕಡೆ ಅದು ಕೈ ಕೊಡುತ್ತದೆ. ನಕ್ಷೆಯ ಬಿಂದುಗಳನ್ನು ಇಡುವ ಆ ಮರದಲ್ಲಿ ಒಂದು ಹಂತ ಉದ್ದವನ್ನು ನೋಡಿ ಭಾಗ ಮಾಡಿದರೆ ಮುಂದಿನ ಹಂತ ಅಗಲವನ್ನು ನೋಡುತ್ತದೆ. ಕೆಂಪು-ಕಪ್ಪು ಮರದ ಹಾಗೆ ನೋಡ್‌ಗಳನ್ನು ತಿರುಗಿಸಿ ಸಮ ಮಾಡಲು ಹೋದರೆ ಉದ್ದದ ನೋಡ್ ಅಗಲದ ಹಂತಕ್ಕೆ ಜಾರುತ್ತದೆ, ಅದರ ಕೆಳಗಿನ ಭಾಗ ಪೂರ್ತಿ ಸುಳ್ಳಾಗುತ್ತದೆ. ತಿರುಗಿಸುವುದೇ ಬೇಡ, ವಾಲಿದ ಭಾಗವನ್ನು ಕೆಡವಿ ಪ್ರತಿ ಹಂತದಲ್ಲೂ ನಡುವಿನ ಬಿಂದು ಆರಿಸಿ ಕಟ್ಟಿ ಅಂದರೆ ಸರಿಹೋಗುತ್ತದೆ. ಪ್ರತಿ ಹಂತದಲ್ಲೂ ನಡುವಿನದನ್ನು ಹುಡುಕಬೇಕಾದ್ದರಿಂದ ಕಟ್ಟುವ ಖರ್ಚು ಸ್ವಲ್ಪ ಏರುತ್ತದೆ, ಆದರೆ ಯಾವ ಭಾಗ ಕಟ್ಟಬೇಕು ಅಂತ ಹುಡುಕುವ ಕೆಲಸ ಈಗ ನಾವು 2ರ ಬಳಿ ನಿಂತು ಎಣಿಸಿದೆವಲ್ಲ, ಅದೇ.

ನಮಸ್ಕಾರ.