ನಿಮ್ಮ ಗಿರಾಕಿ ವರ್ಷಕ್ಕೆ ಎಷ್ಟು ಸಲ ಬರುತ್ತಾರೆ?

ವೇದಿಕೆಯ ಮೇಲಿರುವ ಹಿರಿಯರಿಗೂ ಎದುರಿಗೆ ಕುಳಿತಿರುವ ವರ್ತಕ ಬಂಧುಗಳಿಗೂ ನಮಸ್ಕಾರ.

ಬಾಗಿಲಲ್ಲಿ ನಿಮ್ಮೆಲ್ಲರಿಗೂ ಒಂದು ಕರಪತ್ರ ಕೊಟ್ಟರಲ್ಲವೇ? ನನಗೂ ಸಿಕ್ಕಿತು. 'ನಿಮ್ಮ ಅಂಗಡಿಗೆ ನಿಮ್ಮದೇ ಆ್ಯಪ್, ಕೇವಲ 60,000 ರೂಪಾಯಿ' ಎಂದು ಬರೆದಿದೆ. ನಾನು ಆ್ಯಪ್ ಬರೆದೇ ಸಂಸಾರ ನಡೆಸುತ್ತಿರುವವನು. ಆ ಹಣ ನಿಮ್ಮ ಗಲ್ಲಾದಿಂದ ಹೋಗುವುದನ್ನು ನೋಡಿಕೊಂಡು ಸುಮ್ಮನೆ ಕೂರಲಾರೆ. ಇಲ್ಲಿರುವ ಬಹುಪಾಲು ಅಂಗಡಿಗಳಿಗೆ ಆ್ಯಪ್ ಬೇಕಾಗಿಲ್ಲ. ಮೊಬೈಲಿನಲ್ಲಿ ಬೇಗ ತೆರೆದುಕೊಳ್ಳುವ ಒಂದು ವೆಬ್‌ಸೈಟ್ ಸಾಕು. ಕೆಲವರಿಗೆ ಆ್ಯಪ್ ನಿಜಕ್ಕೂ ಬೇಕು. ನೀವು ಯಾವ ಸಾಲಿನವರು ಎಂಬುದನ್ನು ಹಣ ಬಿಚ್ಚುವ ಮೊದಲೇ ಕಂಡುಕೊಳ್ಳಬಹುದು. ಅದಕ್ಕೆ ಕಂಪ್ಯೂಟರ್ ಬೇಡ, ಒಂದು ನೋಟುಪುಸ್ತಕ ಬೇಕು.

ಆ ನೋಟುಪುಸ್ತಕದ ಕಥೆಯಿಂದಲೇ ಆರಂಭಿಸುತ್ತೇನೆ. ಮೈಸೂರಿನಲ್ಲಿ ನನ್ನ ಮನೆಯ ಹತ್ತಿರ ಒಂದು ಹೋಳಿಗೆ ಅಂಗಡಿಯಿದೆ. ತಾಯಿ ಒಲೆಯ ಮುಂದೆ, ಮಗ ಗಲ್ಲಾದಲ್ಲಿ. ಬೇಳೆ ಹೋಳಿಗೆ, ಕಾಯಿ ಹೋಳಿಗೆ, ಜೊತೆಗೆ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು. ಒಂದು ದಿನ ಮಗ ಬಂದು, "ಅಣ್ಣ, ನಮಗೊಂದು ಆ್ಯಪ್ ಮಾಡಿಕೊಡಿ, ಗಿರಾಕಿಗಳು ಅದರಲ್ಲೇ ಆರ್ಡರ್ ಕೊಡಲಿ" ಎಂದ. ಮಾಡೋಣ, ಆದರೆ ಮೊದಲು ನಿನ್ನ ಪಕ್ಕದಲ್ಲಿ ಒಂದು ದಿನ ಕೂರುತ್ತೇನೆ ಎಂದೆ. ಯುಗಾದಿಯ ಹಿಂದಿನ ಶನಿವಾರ ಬೆಳಿಗ್ಗೆ ಏಳಕ್ಕೆ ಹೋಗಿ ಸ್ಟೂಲಿನ ಮೇಲೆ ಕುಳಿತೆ. ಬಂದ ಪ್ರತಿ ಫೋನ್ ಕರೆಗೂ ಒಂದು ಸಾಲು: ಏನು ಕೇಳಿದರು, ಅಷ್ಟೇ.

ರಾತ್ರಿ ಎಣಿಸಿದಾಗ 37 ಕರೆಗಳಿದ್ದವು. 19 ಜನ ಕೇಳಿದ್ದು "ಇವತ್ತು ಕಾಯಿ ಹೋಳಿಗೆ ಇದೆಯಾ?" ಎಂಬ ಬಗೆಯ ಪ್ರಶ್ನೆ. 9 ಜನ ಅಂಗಡಿ ಎಲ್ಲಿ, ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ಕೇಳಿದರು. ಮೂವರು ಕೊಟ್ಟ ಆರ್ಡರ್ ಸಿದ್ಧವಾಯಿತೇ ಎಂದು ವಿಚಾರಿಸಿದರು. ಹೊಸದಾಗಿ ಆರ್ಡರ್ ಕೊಟ್ಟವರು ಆರೇ ಆರು. ಆ ಆರರಲ್ಲಿ ನಾಲ್ವರು ಸುಲಭಕ್ಕೆ ಮುಗಿಸಲಿಲ್ಲ. "ಅಮ್ಮನಿಗೆ ಕೊಡಪ್ಪ ಫೋನು" ಎಂದರು. ಬೆಲ್ಲ ಕಡಿಮೆ ಇರಲಿ, ತುಪ್ಪ ಬೇರೆ ಕಟ್ಟಿಕೊಡಿ, ನಮ್ಮ ಮಾವನಿಗೆ ಏಲಕ್ಕಿ ಆಗುವುದಿಲ್ಲ ಎಂದೆಲ್ಲ ಮಾತಾಡಿದರು. ಒಬ್ಬರು ಮಾವನ ಆರೋಗ್ಯದ ವಿಚಾರವನ್ನೇ ಹತ್ತು ನಿಮಿಷ ಹೇಳಿದರು. ಅಮ್ಮ ಹಿಟ್ಟು ಮೆತ್ತಿದ ಕೈಯಲ್ಲೇ ಫೋನ್ ಹಿಡಿದು ಕೇಳಿಸಿಕೊಂಡರು. ಆ ಆರ್ಡರನ್ನು ಯಾವ ಆ್ಯಪಿನ ಯಾವ ಗುಂಡಿಗೆ ಇಳಿಸುತ್ತೀರಿ?

ಆಮೇಲೆ ಆರ್ಡರ್ ಪುಸ್ತಕ ತೆಗೆಸಿದೆ. ದೊಡ್ಡ ಆರ್ಡರ್ ಕೊಡುವವರು ಯುಗಾದಿ, ಗೌರಿ-ಗಣೇಶ, ದಸರಾ, ಮನೆಯಲ್ಲೊಂದು ನಾಮಕರಣ ಎಂದು ವರ್ಷಕ್ಕೆ ಮೂರೋ ನಾಲ್ಕೋ ಸಲ ಬರುತ್ತಿದ್ದರು. ದಿನವೂ ಬರುವವರು ಅದೇ ಬೀದಿಯವರು, ಚಪ್ಪಲಿ ಮೆಟ್ಟಿಕೊಂಡು ನಡೆದೇ ಬರುವವರು. ಈಗ ನನ್ನ ಪ್ರಶ್ನೆ ಕೇಳುತ್ತೇನೆ, ಈ ಸಂಜೆ ಮತ್ತೆ ಮತ್ತೆ ಕೇಳುತ್ತೇನೆ: ನಿಮ್ಮ ಗಿರಾಕಿ ವರ್ಷಕ್ಕೆ ಎಷ್ಟು ಸಲ ಬರುತ್ತಾರೆ? ವರ್ಷಕ್ಕೆ ನಾಲ್ಕು ಸಲ ಹೋಳಿಗೆ ಕೊಳ್ಳುವವರು ಉಳಿದ ಮುನ್ನೂರು ಚಿಲ್ಲರೆ ದಿನ ನಿಮ್ಮ ಆ್ಯಪನ್ನು ಫೋನಿನಲ್ಲಿ ಸಾಕಬೇಕು. ಸಾಕುವುದಿಲ್ಲ. ಜಾಗ ತುಂಬಿದೆ ಎಂದು ಫೋನ್ ಎಚ್ಚರಿಸಿದ ದಿನ ಮೊದಲು ಹೋಗುವುದು ನಿಮ್ಮದೇ.

ಮಗನಿಗೆ ಸಮಾಧಾನವಾಗಲಿಲ್ಲ. ಗಿರಾಕಿಗಳನ್ನೇ ಕೇಳೋಣ ಎಂದ. ಮಧ್ಯಾಹ್ನದವರೆಗೆ ಬಂದವರನ್ನೆಲ್ಲ "ಆ್ಯಪ್ ಮಾಡಿದರೆ ಹಾಕಿಕೊಳ್ಳುತ್ತೀರಾ?" ಎಂದು ಕೇಳಿದ. ಎಲ್ಲರೂ "ಓಹೋ, ಖಂಡಿತ" ಎಂದರು. ನಮ್ಮ ಜನ ಮುಖ ನೋಡಿ ಇಲ್ಲ ಎನ್ನುವವರೇ? ಮಧ್ಯಾಹ್ನದ ಮೇಲೆ ಪ್ರಶ್ನೆ ಬದಲಿಸಿದೆವು. ಫೋನ್ ಈಗಲೇ ತೆಗೆಯಿರಿ, ನಾವು ಹೇಳುವ ಒಂದು ಚಿಕ್ಕ ಆ್ಯಪ್ ಹಾಕಿಕೊಂಡರೆ ಎರಡು ನಿಪ್ಪಟ್ಟು ಉಚಿತ. ಹತ್ತು ಜನರಲ್ಲಿ ಇಬ್ಬರು ಹಾಕಿಕೊಂಡರು. ಒಬ್ಬರಿಗೆ ಪಾಸ್‌ವರ್ಡ್ ನೆನಪಿರಲಿಲ್ಲ, ಒಬ್ಬರ ಡೇಟಾ ಮುಗಿದಿತ್ತು. ಒಬ್ಬ ಹಿರಿಯರು ಜಾಗವಿಲ್ಲ ಎಂಬ ಸಂದೇಶ ತೋರಿಸಿ, "ಮೊಮ್ಮಗಳ ಯಾವ ಫೋಟೊ ಅಳಿಸಲಿ, ನೀನೇ ಹೇಳಪ್ಪ" ಎಂದರು. ಅವರಿಗೆ ನಿಪ್ಪಟ್ಟು ಹಾಗೆಯೇ ಕೊಟ್ಟೆವು. ಈ ಪರೀಕ್ಷೆಗೆ ಖರ್ಚಾದದ್ದು ಆರು ನಿಪ್ಪಟ್ಟು. ದಯವಿಟ್ಟು ನಿಮ್ಮ ಅಂಗಡಿಯಲ್ಲಿ ಮಾಡಿ ನೋಡಿ.

ಹಾಗಾದರೆ ಆ ಅಂಗಡಿಗೆ ಏನು ಮಾಡಿದೆವು? ಎಲ್ಲಿದೆ, ಎಷ್ಟು ಹೊತ್ತು ಎಂದು ಕೇಳಿದ 9 ಕರೆಗಳಿಗೆ ವೆಬ್‌ಸೈಟೂ ಬೇಕಿರಲಿಲ್ಲ. ಗೂಗಲ್ ನಕ್ಷೆಯಲ್ಲಿ ಅಂಗಡಿಯನ್ನು ಮಾಲೀಕರ ಹೆಸರಿನಲ್ಲಿ ನೋಂದಾಯಿಸಿ ಸಮಯ ಸರಿಪಡಿಸಿದೆವು, ಅದು ಉಚಿತ. 19 ಕರೆಗಳಿಗಾಗಿ ಒಂದೇ ಒಂದು ಪುಟ ಮಾಡಿದೆವು: ಇಂದು ಏನಿದೆ, ಬೆಲೆ ಎಷ್ಟು, ಕೆಳಗೆ ಎರಡು ಗುಂಡಿ. ಪರದೆಯ ಮೇಲೆ ನೋಡಿ.

```
<a href="tel:+91XXXXXXXXXX">ಕರೆ ಮಾಡಿ</a>
<a href="https://wa.me/91XXXXXXXXXX?text=Holige">ವಾಟ್ಸ್‌ಆ್ಯಪ್ ಮಾಡಿ</a>
```

ಇಷ್ಟೇ. ಮೊದಲನೆಯದನ್ನು ಒತ್ತಿದರೆ ಕರೆ ಹೋಗುತ್ತದೆ, ಏಲಕ್ಕಿಯ ಮಾತು ಅಮ್ಮನ ಜೊತೆಯೇ ನಡೆಯುತ್ತದೆ. ಎರಡನೆಯದನ್ನು ಒತ್ತಿದರೆ ಅಂಗಡಿಯ ವಾಟ್ಸ್‌ಆ್ಯಪ್ ತೆರೆಯುತ್ತದೆ. ಎರಡನೆಯ ಸಾಲಿನಲ್ಲಿ ಸಂಖ್ಯೆಯ ಮುಂದೆ ಪ್ಲಸ್ ಚಿಹ್ನೆಯನ್ನೋ ಸೊನ್ನೆಯನ್ನೋ ಹಾಕಬೇಡಿ, 91ರಿಂದಲೇ ಆರಂಭವಾಗಬೇಕು. ಹಾಕಿಸಿಕೊಂಡ ಮೇಲೆ ಬೇರೆಯವರ ಫೋನಿನಿಂದ ಒಮ್ಮೆ ಒತ್ತಿ ನೋಡಿ.

ಇದರಲ್ಲೂ ಎಡವಿದೆವು. ಮಗ ಫೋನಿನಲ್ಲಿ ತೆಗೆದ ಫೋಟೊಗಳನ್ನು ಹಾಗೆಯೇ ಏರಿಸಿದ್ದ. ಒಂದೊಂದು ಸುಮಾರು 4 ಎಂಬಿ, ಹನ್ನೆರಡು ಫೋಟೊ. ಅಂದರೆ ಹೋಳಿಗೆಯ ಬೆಲೆ ನೋಡಲು ಬಂದವರ ಫೋನಿಗೆ 48 ಎಂಬಿ ಇಳಿಯಬೇಕು. ಅಂಗಡಿಯ ವೈಫೈಯಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು, ಆದ್ದರಿಂದ ಅವನಿಗೆ ಗೊತ್ತಾಗಲಿಲ್ಲ. ಹೊರಗೆ ಬಸ್ ನಿಲ್ದಾಣದಲ್ಲಿ ನಿಂತು ಹಳೆಯ ಫೋನಿನಲ್ಲಿ ತೆರೆದಾಗ ಗೊತ್ತಾಯಿತು. ಅಗಲವನ್ನು 800 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ ಎಂಬ ಹಗುರ ಫೋಟೊ ರೂಪದಲ್ಲಿ ಉಳಿಸಿದಾಗ ಒಂದೊಂದೂ 100 ಕೆಬಿಯ ಒಳಗೆ ಬಂತು. 'ವೆಬ್‌ಸೈಟ್ ನಿಧಾನ, ಆ್ಯಪೇ ವೇಗ' ಎಂದು ಹೇಳುವವರಿದ್ದಾರೆ. ನಾನು ನೋಡಿದ ನಿಧಾನದ ವೆಬ್‌ಸೈಟ್‌ಗಳಲ್ಲಿ ಹೆಚ್ಚಿನವುಗಳ ರೋಗ ಈ ಫೋಟೊಗಳೇ.

ಇನ್ನೊಂದು, ಯುಗಾದಿಯ ದಿನದ್ದು. ಹನ್ನೊಂದಕ್ಕೆ ಕಾಯಿ ಹೋಳಿಗೆ ಮುಗಿಯಿತು, ಪುಟದಲ್ಲಿ ಮಾತ್ರ 'ಇದೆ' ಎಂದೇ ಇತ್ತು. ವಿಜಯನಗರದಿಂದ ಆಟೋ ಹಿಡಿದು ಬಂದವರು ಬೈದರು, ಬೈಯಬೇಕಾದದ್ದೇ. ಆಮೇಲೆ ಗಲ್ಲಾದ ಪಕ್ಕದ ಫೋನಿನಲ್ಲಿ ಪ್ರತಿ ತಿಂಡಿಗೂ 'ಮುಗಿದಿದೆ' ಎಂಬ ದೊಡ್ಡ ಗುಂಡಿ ಇಟ್ಟೆವು. ಪಟ್ಟಿಯನ್ನು ಎಷ್ಟು ಗಂಟೆಗೆ ಬದಲಿಸಿದ್ದು ಎಂಬುದೂ ಪುಟದಲ್ಲೇ ಕಾಣುವಂತೆ ಮಾಡಿದೆವು. ಆ್ಯಪ್ ಮಾಡಿಸಿದ್ದರೂ ಇದೇ ಆಗುತ್ತಿತ್ತು. ಬೈಗುಳಕ್ಕೆ 60,000 ಹೆಚ್ಚು ಕೊಟ್ಟಿರುತ್ತಿದ್ದೆವು. ಪುಟಕ್ಕೆ ನನ್ನ ಕೆಲಸ ಬಿಟ್ಟರೆ ಕೈಯಿಂದ ಹೋದದ್ದು ವೆಬ್‌ಸೈಟಿನ ಹೆಸರಿನ ನೋಂದಣಿಗೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು.

ದೊಡ್ಡವರೂ ಈ ಪಾಠ ಕಲಿತಿದ್ದಾರೆ. ನಮ್ಮ ಬೆಂಗಳೂರಿನ ಮಿಂತ್ರಾ 2015ರ ಮೇ ತಿಂಗಳಲ್ಲಿ ವೆಬ್‌ಸೈಟನ್ನೇ ಮುಚ್ಚಿ ಆ್ಯಪ್ ಮಾತ್ರ ಸಾಕು ಎಂದಿತು. 2016ರಲ್ಲಿ ವೆಬ್‌ಸೈಟನ್ನು ಮತ್ತೆ ತೆರೆಯಿತು. ಫ್ಲಿಪ್‌ಕಾರ್ಟ್ ಕೂಡ ಮೊಬೈಲ್ ವೆಬ್‌ಸೈಟ್ ನಿಲ್ಲಿಸಿ, 2015ರ ನವೆಂಬರಿನಲ್ಲಿ ಫ್ಲಿಪ್‌ಕಾರ್ಟ್ ಲೈಟ್ ಎಂಬ ಹೆಸರಿನಲ್ಲಿ ಮರಳಿ ತಂದಿತು. ಅಷ್ಟು ರಿಯಾಯಿತಿ ಕೊಡಬಲ್ಲವರಿಗೇ ಗಿರಾಕಿಗಳೆಲ್ಲರನ್ನೂ ಆ್ಯಪಿನೊಳಗೆ ಕರೆದೊಯ್ಯಲು ಆಗಲಿಲ್ಲ.

ಈಗ ಕರಪತ್ರದಲ್ಲಿ ಬರೆಯದ ಖರ್ಚು. ಆ್ಯಪಲ್‌ನ ಡೆವಲಪರ್ ಖಾತೆಗೆ ವರ್ಷಕ್ಕೆ 99 ಡಾಲರ್, ಪ್ರತಿ ವರ್ಷವೂ. ಗೂಗಲ್‌ಗೆ ಒಮ್ಮೆ 25 ಡಾಲರ್. ಗೂಗಲ್ ವರ್ಷವರ್ಷವೂ ಆ್ಯಪನ್ನು ಆ್ಯಂಡ್ರಾಯ್ಡಿನ ಹೊಸ ಆವೃತ್ತಿಗೆ ಹೊಂದಿಸಿ ಎಂದು ಗಡುವು ಕೊಡುತ್ತದೆ. ಕೈಬಿಟ್ಟ ಆ್ಯಪ್ ಕೆಲವು ವರ್ಷಗಳಲ್ಲಿ ಹೊಸ ಫೋನ್ ಕೊಂಡವರಿಗೆ ಪ್ಲೇ ಸ್ಟೋರಿನಲ್ಲಿ ಸಿಗದೇ ಹೋಗುತ್ತದೆ. ಆಗ ಮಾಡಿಕೊಟ್ಟವರು ಫೋನ್ ಎತ್ತುತ್ತಾರೆಯೇ? ಕಡಿಮೆ ಬೆಲೆಗೆ ಕೊಡುವ ಎಷ್ಟೋ ಆ್ಯಪ್‌ಗಳು ವೆಬ್‌ಸೈಟಿಗೆ ಹೊದಿಸಿದ ಮುಸುಕು ಮಾತ್ರ. ಆ್ಯಪಲ್ ತನ್ನ ನಿಯಮ 4.2ರ ಪ್ರಕಾರ ಅಂಥದ್ದನ್ನು ತಿರಸ್ಕರಿಸಬಹುದು. ಕಂಡುಹಿಡಿಯುವುದು ಸುಲಭ: ಅವರು ತೋರಿಸುವ ಮಾದರಿಯನ್ನು ತೆರೆಯುವ ಮೊದಲು ಫೋನಿನ ಇಂಟರ್ನೆಟ್ ಆರಿಸಿ. ಖಾಲಿ ಬಿಳಿ ಪರದೆಯೊಂದೇ ಬಂದರೆ ಒಳಗಿರುವುದು ಬಹುತೇಕ ವೆಬ್‌ಸೈಟೇ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷ. ಆ್ಯಪ್ ಬೇಕಾದವರ ಮಾತನ್ನು ಬಿಟ್ಟು ಇಳಿಯುವಂತಿಲ್ಲ.

ಕುಡಿಯುವ ನೀರಿನ ಕ್ಯಾನ್ ಹಂಚುವ ಪರಿಚಿತರೊಬ್ಬರು ಇದೇ ಪ್ರಶ್ನೆ ತಂದರು. ಅವರಿಗೂ ಕೇಳಿದೆ, ವರ್ಷಕ್ಕೆ ಎಷ್ಟು ಸಲ? ಗಿರಾಕಿಗಳು ವಾರಕ್ಕೊಮ್ಮೆ ಒಂದು ಸಂದೇಶ ಕಳಿಸುವವರು, ವಾಟ್ಸ್‌ಆ್ಯಪ್ ಸಾಕು. ಆದರೆ ಅವರ ಆರು ಆಟೋಗಳ ಹುಡುಗರು ದಿನಕ್ಕೆ ಐವತ್ತು ಸಲ ಫೋನ್ ನೋಡಬೇಕು. ಯಾವ ಆಟೋ ಎಲ್ಲಿದೆ ಎಂದು ಯಜಮಾನರಿಗೆ ಗೊತ್ತಾಗಬೇಕು. ವೆಬ್‌ಪುಟದಲ್ಲಿ ಮಾಡಿ ನೋಡಿದೆವು. ಹುಡುಗ ಫೋನನ್ನು ಜೇಬಿಗೆ ಹಾಕಿ ಪರದೆ ಆರಿದ ಕೂಡಲೇ ಆಟೋ ನಕ್ಷೆಯಲ್ಲಿ ನಿಂತಲ್ಲೇ ನಿಲ್ಲುತ್ತಿತ್ತು. ಪರದೆ ಆರಿದ ಮೇಲೂ ಸ್ಥಳ ತಿಳಿಸುತ್ತಿರುವುದು ಬ್ರೌಸರಿಗೆ ಸಾಧ್ಯವಿಲ್ಲ, ಆ್ಯಪಿಗೆ ಸಾಧ್ಯ. ಅಲ್ಲಿ ಆ್ಯಪ್ ಮಾಡಿದೆವು, ಆ್ಯಂಡ್ರಾಯ್ಡಿಗೆ ಮಾತ್ರ, ಆರು ಫೋನಿಗೆ. ಪ್ಲೇ ಸ್ಟೋರಿನ ಆಂತರಿಕ ಪರೀಕ್ಷೆಯ ದಾರಿಯಲ್ಲಿ ನೂರು ಜನರವರೆಗೆ ಕೊಡಬಹುದು, ಜಗತ್ತಿಗೆಲ್ಲ ಬಿಡಬೇಕಾಗಿಲ್ಲ. ಆ್ಯಪ್ ಬೇಕಿದ್ದದ್ದು ಗಿರಾಕಿಗಲ್ಲ, ಕೆಲಸದ ಹುಡುಗರಿಗೆ. ಐಫೋನಿನಿಂದ ಬ್ಲೂಟೂತ್ ಬಿಲ್ ಮುದ್ರಕಕ್ಕೆ ನೇರವಾಗಿ ಕಳಿಸಬೇಕೆಂದರೂ ಹೀಗೆಯೇ, ಅದರ ಸಫಾರಿ ಬ್ರೌಸರಿನಲ್ಲಿ ಅದು ಆಗುವುದಿಲ್ಲ.

ಗಿರಾಕಿಗೆ ಸೂಚನೆ ಕಳಿಸಬೇಕು, ಅದಕ್ಕಾದರೂ ಆ್ಯಪ್ ಬೇಡವೇ ಎಂದು ಕೇಳುತ್ತೀರಿ. ವೆಬ್‌ಸೈಟಿನಿಂದಲೂ ಕಳಿಸಬಹುದು. ಆ್ಯಂಡ್ರಾಯ್ಡಿನಲ್ಲಿ ಅನುಮತಿ ಕೊಟ್ಟರೆ ಸಾಕು. ಐಫೋನಿನಲ್ಲಿ 2023ರ 16.4 ಆವೃತ್ತಿಯಿಂದ ಬಂದಿದೆ, ಆದರೆ ಗಿರಾಕಿ ನಿಮ್ಮ ಪುಟವನ್ನು ಮುಖಪರದೆಗೆ ಸೇರಿಸಿಕೊಂಡಿರಬೇಕು. ಎಷ್ಟು ಜನ ಸೇರಿಸಿಕೊಳ್ಳುತ್ತಾರೆ ಎಂದರೆ ಮತ್ತೆ ಅದೇ ಪ್ರಶ್ನೆಗೆ ಬರುತ್ತೇವೆ, ಎಷ್ಟು ಸಲ ಬರುತ್ತಾರೆ?

ಹಣ ಪಾವತಿಯ ವಿಚಾರ, ವೆಬ್‌ಪುಟ ಇಂಟರ್ನೆಟ್ ಇಲ್ಲದಾಗಲೂ ತೆರೆಯುವಂತೆ ಮಾಡುವ ವಿಚಾರ ಬರೆದುಕೊಂಡು ಬಂದಿದ್ದೆ, ಸಮಯವಿಲ್ಲ. ಕರಪತ್ರದ ಹಿಂಬದಿ ಖಾಲಿಯಿದೆ. ನಾಳೆ ಬೆಳಿಗ್ಗೆ ಅದನ್ನು ಫೋನಿನ ಪಕ್ಕ ಇಟ್ಟುಕೊಂಡು ಸಂಜೆಯವರೆಗೆ ಬಂದ ಕರೆಗಳನ್ನು ಒಂದೊಂದು ಸಾಲು ಬರೆಯಿರಿ. ಮುಂದಿನ ಭಾನುವಾರ ಹತ್ತು ಗಂಟೆಗೆ ಇದೇ ಕಟ್ಟಡದ ಕೆಳಗಿನ ಕೋಣೆಯಲ್ಲಿ ಕುಳಿತಿರುತ್ತೇನೆ, ಆ ಹಾಳೆ ತನ್ನಿ. ಮುಂಗಡ ಕೊಟ್ಟುಬಿಟ್ಟವರು ಯಾರಾದರೂ ಇದ್ದರೆ ಈಗಲೇ ಬಂದು ಮಾತಾಡಿಸಿ.