ದಪ್ಪ ಉಕ್ಕು, ಹಗುರ ಆಯುಧ: ಟ್ಯಾಂಕ್ ಕವಚವನ್ನು ಭೇದಿಸಿದ ಕಥೆ

ಎಲ್ಲರಿಗೂ ನಮಸ್ಕಾರ.

1965ರ ಸೆಪ್ಟೆಂಬರ್. ಪಂಜಾಬಿನ ಖೇಮಕರಣ್ ಹತ್ತಿರ, ಅಸಲ್ ಉತ್ತರ್ ಕದನ. ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಹೊಲಗಳ ನಡುವೆ ನುಗ್ಗಿ ಬರುತ್ತಿದ್ದವು. ಒಂದೊಂದೂ ಸುಮಾರು 45 ಟನ್ ತೂಕ. ಅವುಗಳ ಎದುರು ನಿಂತವರಲ್ಲಿ 4 ಗ್ರೆನೇಡಿಯರ್ಸ್ ಪಡೆಯ ಹವಾಲ್ದಾರ್ ಅಬ್ದುಲ್ ಹಮೀದ್ ಒಬ್ಬರು. ಅವರ ಹತ್ತಿರ ಇದ್ದದ್ದು ಒಂದು ಜೀಪು, ಅದರ ಮೇಲೆ ಕೂರಿಸಿದ್ದ 106 ಮಿ.ಮೀ. ಆರ್.ಸಿ.ಎಲ್., ಅಂದರೆ ರಿಕಾಯ್ಲ್‌ಲೆಸ್ ಗನ್. ಆ ಗನ್ನಿನ ತೂಕ ಇನ್ನೂರು ಕೆಜಿ ಚಿಲ್ಲರೆ. ಅಷ್ಟರಲ್ಲೇ ಅವರು ಟ್ಯಾಂಕಿನ ಮೇಲೆ ಟ್ಯಾಂಕ್ ಹೊಡೆದುರುಳಿಸಿದರು. ಕೊನೆಗೆ ಶೆಲ್ ಬಿದ್ದು ಹುತಾತ್ಮರಾದರು. ದೇಶ ಅವರಿಗೆ ಪರಮವೀರ ಚಕ್ರ ಕೊಟ್ಟಿತು.

ಅವರ ಧೈರ್ಯದ ಬಗ್ಗೆ ನಿಮಗೆಲ್ಲ ಗೊತ್ತು. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಅವರ ಕೈಯಲ್ಲಿದ್ದ ಆ ಆಯುಧದ ಬಗ್ಗೆ. ಜೀಪಿನ ಮೇಲೆ ಕೂರುವಂಥ ಗನ್ನಿಗೆ ಅಷ್ಟು ದಪ್ಪ ಉಕ್ಕನ್ನು ತೂತು ಮಾಡುವ ಶಕ್ತಿ ಎಲ್ಲಿಂದ ಬಂತು?

ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1916ರಲ್ಲಿ ಬ್ರಿಟಿಷರು ಮೊದಲ ಸಲ ಟ್ಯಾಂಕ್ ಇಳಿಸಿದಾಗ ಅದರ ಉಕ್ಕು ಹೆಚ್ಚೆಂದರೆ 12 ಮಿ.ಮೀ. ದಪ್ಪ. 1918ರ ಹೊತ್ತಿಗೆ ಜರ್ಮನ್ನರು 13 ಮಿ.ಮೀ. ಗುಂಡು ಹಾರಿಸುವ ಒಂದು ಭಾರೀ ರೈಫಲ್ ಮಾಡಿಕೊಂಡರು. ಆಗಿನ ಟ್ಯಾಂಕಿಗೆ ಅದು ಸಾಕಾಯಿತು. ಉಪಾಯ ಸರಳವಾಗಿತ್ತು: ಗಟ್ಟಿ ಗುಂಡನ್ನು ಇನ್ನಷ್ಟು ಜೋರಾಗಿ ಹೊಡೆಯುವುದು. ಮುಂದಿನ 25 ವರ್ಷ ಎಲ್ಲರೂ ಇದೇ ದಾರಿ ಹಿಡಿದರು.

ಆದರೆ ಈ ದಾರಿಗೆ ಒಂದು ಬೆಲೆ ಇದೆ, ಅದು ತೂಕ. ಜೋರಾಗಿ ಹೊಡೆಯಬೇಕಾದರೆ ಉದ್ದದ ನಳಿಗೆ ಬೇಕು, ಜಾಸ್ತಿ ಮದ್ದು ಬೇಕು, ಹಿಂದಕ್ಕೆ ಒದೆಯುವ ಬಲವನ್ನು ತಡೆಯಲು ಭಾರದ ಗಾಡಿ ಬೇಕು. ಎರಡನೇ ಮಹಾಯುದ್ಧ ಶುರುವಾದಾಗ ಜರ್ಮನ್ನರ 37 ಮಿ.ಮೀ. ಗನ್ 330 ಕೆಜಿ ಆಸುಪಾಸು ಇತ್ತು. ಸೈನಿಕರು ಕೈಯಲ್ಲೇ ತಳ್ಳಿಕೊಂಡು ಹೋಗುತ್ತಿದ್ದರು. 1940ರ ಮೇ ತಿಂಗಳಲ್ಲಿ ಫ್ರಾನ್ಸಿನ ಅರಾಸ್‌ನಲ್ಲಿ ಅದು ಬ್ರಿಟಿಷರ ಮಟಿಲ್ಡಾ ಟ್ಯಾಂಕಿಗೆ ಎದುರಾಯಿತು. ಮಟಿಲ್ಡಾದ ಮುಂಭಾಗದ ಉಕ್ಕು 78 ಮಿ.ಮೀ. ಗುಂಡುಗಳು ಬಡಿದು ಸಿಡಿದುಹೋದವು ಅಷ್ಟೆ. ಜರ್ಮನ್ ಸೇನಾನಿ ರೋಮೆಲ್ ಕೊನೆಗೆ ವಿಮಾನ ಹೊಡೆಯಲು ಇಟ್ಟಿದ್ದ 88 ಮಿ.ಮೀ. ಫಿರಂಗಿಗಳನ್ನು ನೆಲಕ್ಕೆ ಸಮನಾಗಿ ತಿರುಗಿಸಿ ಹೊಡೆಸಬೇಕಾಯಿತು. ತಮ್ಮದೇ 37 ಮಿ.ಮೀ. ಗನ್ನಿಗೆ ಜರ್ಮನ್ ಸೈನಿಕರು ‘ಬಾಗಿಲು ತಟ್ಟುವ ಯಂತ್ರ’ ಅಂತ ಹೆಸರಿಟ್ಟಿದ್ದರು. ಒಳಗಿರುವವರಿಗೆ ಬಂದಿದ್ದೇವೆ ಅಂತ ತಿಳಿಸುವುದಕ್ಕೆ ಮಾತ್ರ ಅದು ಲಾಯಕ್ಕು ಅನ್ನುವ ಸಂಕಟ ಆ ಹೆಸರಿನಲ್ಲಿದೆ.

ಮುಂದೆ 75 ಮಿ.ಮೀ. ಗನ್ ಬಂತು, ಸುಮಾರು 1,400 ಕೆಜಿ. ಆಮೇಲೆ 88 ಮಿ.ಮೀ.ನ ಉದ್ದ ನಳಿಗೆಯ ಗನ್ ಬಂತು, ಮೂರೂವರೆ ಟನ್ನಿಗೂ ಮೇಲೆ. ಕೆಸರಿನಲ್ಲಿ ಅದನ್ನು ಯಾರು ತಳ್ಳುತ್ತಾರೆ? ಟ್ಯಾಂಕ್ ಪಕ್ಕಕ್ಕೆ ತಿರುಗಿ ಬಂದರೆ ಗನ್ ಬಿಟ್ಟು ಓಡುವುದೊಂದೇ ಉಳಿಯುತ್ತಿತ್ತು. ಕಾಲಾಳು ಸೈನಿಕ ಹೊತ್ತುಕೊಂಡು ಹೋಗುವ ಆಯುಧಕ್ಕೂ ಟ್ಯಾಂಕಿನ ಉಕ್ಕಿಗೂ ಸಂಬಂಧವೇ ಕಡಿದುಹೋಗಿತ್ತು.

ಅದನ್ನು ಮತ್ತೆ ಜೋಡಿಸಿದ್ದು ಒಂದು ಹಳೆಯ ಗಮನಿಕೆ. 1888ರಲ್ಲಿ ಚಾರ್ಲ್ಸ್ ಮನ್ರೋ ಅನ್ನುವ ಅಮೆರಿಕದ ರಸಾಯನಶಾಸ್ತ್ರಜ್ಞ ಉಕ್ಕಿನ ಹಲಗೆಯ ಮೇಲೆ ಸ್ಫೋಟಕದ ಇಟ್ಟಿಗೆಗಳನ್ನಿಟ್ಟು ಸಿಡಿಸುತ್ತಿದ್ದರು. ಆ ಇಟ್ಟಿಗೆಗಳ ಮೇಲೆ ಅಮೆರಿಕ ನೌಕಾಪಡೆಯ ಗುರುತಿನ ಅಕ್ಷರಗಳನ್ನು ಒಳಕ್ಕೆ ಕೊರೆದಿತ್ತು. ಸಿಡಿದ ಮೇಲೆ ನೋಡಿದರೆ ಅದೇ ಅಕ್ಷರಗಳು ಉಕ್ಕಿನಲ್ಲೂ ಮೂಡಿದ್ದವು! ಸ್ಫೋಟಕದಲ್ಲಿ ಎಲ್ಲಿ ಟೊಳ್ಳು ಇತ್ತೋ ಅಲ್ಲೇ ಉಕ್ಕಿಗೆ ಜಾಸ್ತಿ ಏಟು ಬಿದ್ದಿತ್ತು. 1930ರ ದಶಕದಲ್ಲಿ ಯುರೋಪಿನ ಕೆಲವರು ಆ ಟೊಳ್ಳಿಗೆ ತೆಳ್ಳಗಿನ ಲೋಹದ ಒಳಪದರ ಕೊಟ್ಟರು. ಅಲ್ಲಿಂದ ಎಲ್ಲ ಬದಲಾಯಿತು. ಇದನ್ನೇ ಶೇಪ್ಡ್ ಚಾರ್ಜ್ ಅನ್ನುತ್ತಾರೆ.

ಇದು ಕೆಲಸ ಮಾಡುವ ಬಗೆಯನ್ನು ನಿಧಾನವಾಗಿ ನೋಡೋಣ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಸಿಡಿತಲೆಯೊಳಗೆ ತಾಮ್ರದ ಒಂದು ಶಂಕು, ಅಗಲವಾದ ಬಾಯಿ ಟ್ಯಾಂಕಿನ ಕಡೆಗೆ. ಶಂಕುವಿನ ಸುತ್ತ, ಹಿಂದೆ ಸ್ಫೋಟಕ. ಹಿಂದಿನಿಂದ ಸಿಡಿಸಿದಾಗ ಆ ಒತ್ತಡಕ್ಕೆ ಶಂಕು ನಡುಗೆರೆಯ ಮೇಲೆ ಮಡಚಿಕೊಳ್ಳುತ್ತದೆ. ಅದರ ಒಳಮೈಯ ತಾಮ್ರ ತೆಳ್ಳನೆಯ ಸಲಾಕೆಯಂತೆ ಮುಂದಕ್ಕೆ ಚಿಮ್ಮುತ್ತದೆ. ತುದಿಯ ವೇಗ ಸೆಕೆಂಡಿಗೆ 8-9 ಕಿ.ಮೀ. ಈ ಚಿಮ್ಮುಗೆಗೆ ಜೆಟ್ ಅನ್ನುತ್ತಾರೆ.

ಜೆಟ್ ಉಕ್ಕನ್ನು ಕರಗಿಸಿ ಒಳಗೆ ಹೋಗುತ್ತದೆ ಅಂತ ತುಂಬ ಜನ ಬರೆಯುತ್ತಾರೆ. ಅದು ಸರಿಯಲ್ಲ. ತಾಮ್ರವೂ ಕರಗಿರುವುದಿಲ್ಲ, ಉಕ್ಕೂ ಕರಗುವುದಿಲ್ಲ. ಆ ವೇಗದ ಒತ್ತಡದಲ್ಲಿ ಉಕ್ಕಿನ ಗಟ್ಟಿತನ ಲೆಕ್ಕಕ್ಕೇ ಬರುವುದಿಲ್ಲ, ಎರಡು ಲೋಹಗಳೂ ದ್ರವದಂತೆ ಹರಿಯುತ್ತವೆ. ಮಣ್ಣಿನ ಗುಡ್ಡೆಗೆ ಪೈಪಿನ ನೀರು ಜೋರಾಗಿ ಬಿಟ್ಟರೆ ಗುಂಡಿ ಬೀಳುತ್ತದಲ್ವಾ, ಹಾಗೆ. ನೀರೂ ಖರ್ಚಾಗುತ್ತದೆ, ಮಣ್ಣೂ ಪಕ್ಕಕ್ಕೆ ಸರಿಯುತ್ತದೆ. ಇದರ ಲೆಕ್ಕ ಚಂದ: ತೂತಿನ ಆಳ ಜೆಟ್ಟಿನ ಉದ್ದದ ಮೇಲೆ, ಎರಡು ಲೋಹಗಳ ಸಾಂದ್ರತೆಯ ಮೇಲೆ ನಿಂತಿದೆ. ತಾಮ್ರ ಉಕ್ಕಿಗಿಂತ ಸ್ವಲ್ಪ ಸಾಂದ್ರ. ಹಾಗಾಗಿ ಜೆಟ್ ಎಷ್ಟು ಉದ್ದವೋ ಹತ್ತಿರ ಹತ್ತಿರ ಅಷ್ಟೇ ಆಳ ಕೊರೆಯುತ್ತದೆ.

ಈಗ ಮುಖ್ಯವಾದ ಮಾತು. ಈ ಲೆಕ್ಕದಲ್ಲಿ ಶೆಲ್ ಹಾರಿಬಂದ ವೇಗ ಎಲ್ಲೂ ಇಲ್ಲ. ನಿಧಾನವಾಗಿ ಬಂದು ತಾಗಿದರೂ ಸರಿ, ಜೆಟ್ಟಿನ ವೇಗ ಅದೇ. ಅಂದರೆ ಉದ್ದ ನಳಿಗೆ ಬೇಡ, ಭಾರದ ಗಾಡಿ ಬೇಡ. 1942ರಲ್ಲಿ ಅಮೆರಿಕದ ಬಜೂಕಾ ಬಂತು, ಆಮೇಲೆ ಜರ್ಮನ್ನರ ಪಾಂಜರ್‌ಫೌಸ್ಟ್. ಒಬ್ಬ ಸೈನಿಕ ಒಂದು ಕೈಯಲ್ಲಿ ಎತ್ತಬಹುದಾದ ಆ ಪಾಂಜರ್‌ಫೌಸ್ಟ್ 200 ಮಿ.ಮೀ. ಉಕ್ಕನ್ನು ಕೊರೆಯುತ್ತಿತ್ತು. ಆದರೆ ಮೊದಲ ಮಾದರಿಗಳನ್ನು ಬಳಸಲು ಟ್ಯಾಂಕಿಗೆ 30 ಮೀಟರ್ ಹತ್ತಿರ ಹೋಗಬೇಕಿತ್ತು. ಆ ದೂರದಲ್ಲಿ ಎದ್ದು ನಿಂತು ಗುರಿಯಿಡುವುದು ಎಂಥ ಕೆಲಸ ಅಂತ ಯೋಚಿಸಿ.

ಅಬ್ದುಲ್ ಹಮೀದರ ಗನ್ನಿಗೆ ಬರೋಣ. ಆರ್.ಸಿ.ಎಲ್. ಗನ್ನಿನ ಹಿಂಭಾಗ ತೆರೆದಿರುತ್ತದೆ. ಮದ್ದಿನ ಅನಿಲದ ಒಂದು ಪಾಲು ಹಿಂದಕ್ಕೆ ನುಗ್ಗುತ್ತದೆ, ಹಾಗಾಗಿ ಒದೆತವೇ ಇಲ್ಲ. ಜೀಪಿನ ಮೇಲೂ ಕೂರುತ್ತದೆ. ಪ್ಯಾಟನ್ ಎಂ-48ರ ಮುಂಭಾಗದ ಉಕ್ಕು 110 ಮಿ.ಮೀ., ಅದೂ 60 ಡಿಗ್ರಿ ಓರೆ. ಓರೆಯಿಂದಾಗಿ ನೇರವಾಗಿ ಬರುವ ಶೆಲ್ಲಿಗೆ ಅದು ಎರಡು ಪಟ್ಟು, ಅಂದರೆ 220 ಮಿ.ಮೀ. ದಪ್ಪವಾಗಿ ಕಾಣುತ್ತದೆ. 106 ಮಿ.ಮೀ. ಶೆಲ್ಲಿನ ಜೆಟ್ಟಿಗೆ 400 ಮಿ.ಮೀ. ಹತ್ತಿರ ಕೊರೆಯುವ ಶಕ್ತಿ. ಕವಚದ ಲೆಕ್ಕದಲ್ಲಿ ಗೆಲುವು ಜೀಪಿನದ್ದೇ.

ಸೋಲು ಇರುವುದು ಬೇರೆ ಕಡೆ. ಹಿಂದಕ್ಕೆ ನುಗ್ಗಿದ ಅನಿಲ ಬೆಂಕಿ, ಹೊಗೆ, ಧೂಳು ಎಬ್ಬಿಸುತ್ತದೆ. ಒಂದು ಸಲ ಹೊಡೆದರೆ ನೀವಿರುವ ಜಾಗ ಮೈದಾನಕ್ಕೆಲ್ಲ ಗೊತ್ತಾಗುತ್ತದೆ. ಜೀಪಿಗೆ ಕವಚವೂ ಇಲ್ಲ. ಹಾಗಾಗಿ ಬೆಳೆಯ ಮರೆಯಲ್ಲಿ ಅಡಗಿ, ಹತ್ತಿರ ಬರುವವರೆಗೂ ಕಾದು, ಹೊಡೆದ ತಕ್ಷಣ ಜಾಗ ಬದಲಿಸಬೇಕು. ಹಮೀದ್ ಮಾಡಿದ್ದು ಅದನ್ನೇ. ಕೊನೆಗೊಮ್ಮೆ ಎದುರಾಳಿಯ ಶೆಲ್ ಅವರನ್ನು ಹುಡುಕಿಕೊಂಡಿತು.

1973ರ ಅರಬ್-ಇಸ್ರೇಲ್ ಯುದ್ಧದಲ್ಲಿ ಈಜಿಪ್ಟಿನ ಸೈನಿಕರು ತಂತಿಯ ಮೂಲಕ ನಿಯಂತ್ರಿಸುವ ಸೋವಿಯತ್ ಕ್ಷಿಪಣಿಗಳನ್ನು 3 ಕಿ.ಮೀ. ದೂರದವರೆಗೂ ಹೊಡೆದರು. ಇನ್ನು ಟ್ಯಾಂಕಿನ ಕಾಲ ಮುಗಿಯಿತು ಅಂತ ಆಗ ಹಲವರು ಬರೆದರು. ಟ್ಯಾಂಕಿನವರ ಕಷ್ಟ ನಿಜವಾಗಿತ್ತು. ಜೆಟ್ಟಿನ ಶಕ್ತಿಗೆ ಸಮನಾಗಿ ಉಕ್ಕು ಸೇರಿಸುತ್ತಾ ಹೋದರೆ ಟ್ಯಾಂಕಿನ ತೂಕವನ್ನು ಸೇತುವೆ ತಡೆಯುವುದಿಲ್ಲ, ರೈಲು ವ್ಯಾಗನ್ ತಡೆಯುವುದಿಲ್ಲ. ದಪ್ಪದ ಓಟ ಅಲ್ಲಿಗೆ ನಿಂತಿತು. ಬೇರೆ ಉಪಾಯ ಬೇಕಾಯಿತು.

ಅದರಲ್ಲಿ ನನಗೆ ತುಂಬ ಹಿಡಿಸುವುದು ಸ್ಫೋಟಕ ಕವಚ. ಮ್ಯಾನ್‌ಫ್ರೆಡ್ ಹೆಲ್ಡ್ ಅನ್ನುವ ಜರ್ಮನ್ ತಜ್ಞರ ಕೆಲಸದಿಂದ ಹುಟ್ಟಿದ್ದು. 1982ರಲ್ಲಿ ಲೆಬನಾನಿನಲ್ಲಿ ಇಸ್ರೇಲಿ ಟ್ಯಾಂಕುಗಳ ಮೇಲೆ ಕಾಣಿಸಿತು. ಎರಡು ತೆಳು ಉಕ್ಕಿನ ಹಲಗೆ, ನಡುವೆ ಸ್ಫೋಟಕ. ಇಂಥ ಪೆಟ್ಟಿಗೆಗಳನ್ನು ಟ್ಯಾಂಕಿನ ಮೈಮೇಲೆ ಓರೆಯಾಗಿ ಜೋಡಿಸುತ್ತಾರೆ. ರೈಫಲ್ ಗುಂಡು ತಾಗಿದರೆ ಏನೂ ಆಗುವುದಿಲ್ಲ. ಜೆಟ್ ತಾಗಿದರೆ ಸ್ಫೋಟಕ ಸಿಡಿದು ಹಲಗೆಗಳು ಒಂದು ಆಚೆ, ಒಂದು ಈಚೆ ಹಾರುತ್ತವೆ. ಓರೆಯಾಗಿ ಹಾರುವುದರಿಂದ ಅವು ಜೆಟ್ಟಿನ ದಾರಿಗೆ ಅಡ್ಡ ಸರಿಯುತ್ತಾ ಹೋಗುತ್ತವೆ. ಜೆಟ್ ಒಂದೇ ತೂತಿನಲ್ಲಿ ದಾಟುವಂತಿಲ್ಲ, ಪ್ರತಿ ಕ್ಷಣ ಹೊಸ ಉಕ್ಕನ್ನು ಕೊರೆಯಬೇಕು. ಉದ್ದ ಸಲಾಕೆ ಚೂರು ಚೂರಾಗಿ ಚೆದರುತ್ತದೆ. ಇಲ್ಲೂ ದೌರ್ಬಲ್ಯ ಇದೆ. ಜೆಟ್ ನೇರವಾಗಿ ಲಂಬಕ್ಕೆ ಬಿದ್ದರೆ ಪರಿಣಾಮ ತುಂಬ ಕಡಿಮೆ. ಸಿಡಿದ ಪೆಟ್ಟಿಗೆಯ ಜಾಗ ಖಾಲಿ. ಪಕ್ಕದಲ್ಲಿ ನಡೆಯುವ ತಮ್ಮದೇ ಸೈನಿಕರಿಗೂ ಅಪಾಯ.

ಆಯುಧದವರು ಇದಕ್ಕೆ ಒಂದರ ಹಿಂದೆ ಒಂದು ಎರಡು ಸಿಡಿತಲೆ ಇಟ್ಟರು. ಮುಂದಿನ ಚಿಕ್ಕದು ಪೆಟ್ಟಿಗೆಯನ್ನು ಸಿಡಿಸುತ್ತದೆ. ದೊಡ್ಡದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಹೊತ್ತು ಕಾದು ಸಿಡಿಯುತ್ತದೆ. ಆ ಕಾಯುವಿಕೆಯೇ ಎಲ್ಲ. ಬೇಗ ಸಿಡಿದರೆ ಹಲಗೆಗಳು ಇನ್ನೂ ಅಡ್ಡ ಇರುತ್ತವೆ. ತಡವಾದರೆ ಮುಂದಿನ ಸ್ಫೋಟದ ಚೂರುಗಳು ಬಂದು ದೊಡ್ಡ ಸಿಡಿತಲೆಯ ಶಂಕುವನ್ನೇ ಕೆಡಿಸುತ್ತವೆ.

ಟ್ಯಾಂಕಿನ ಸುತ್ತ ಕಬ್ಬಿಣದ ಸರಳುಗಳ ಪಂಜರ ಕಟ್ಟಿರುವುದನ್ನು ಫೋಟೋಗಳಲ್ಲಿ ನೋಡಿರಬಹುದು. ದೂರದಲ್ಲೇ ಸಿಡಿಸಿ ಜೆಟ್ಟಿನ ಶಕ್ತಿ ಕುಗ್ಗಿಸಲು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಜೆಟ್ ಚಾಚಿಕೊಳ್ಳಲು ಸ್ವಲ್ಪ ದೂರ ಬೇಕೇ ಬೇಕು. ಒಂದೆರಡು ಅಡಿ ಮುಂಚೆ ಸಿಡಿದರೆ ಕೆಲವೊಮ್ಮೆ ತೂತು ಇನ್ನೂ ಆಳವಾಗುತ್ತದೆ! ಪಂಜರದ ನಿಜವಾದ ಕೆಲಸ ಬೇರೆ. ಹೆಗಲ ಮೇಲಿಟ್ಟು ಹೊಡೆಯುವ ಆರ್.ಪಿ.ಜಿ.-7 ರಾಕೆಟ್ಟಿನ ಮೂತಿಯಲ್ಲಿ ಒಂದು ಹರಳು ಇದೆ. ಅದು ತಾಗಿದಾಗ ಹುಟ್ಟುವ ವಿದ್ಯುತ್ತು ಮೂತಿಯ ಎರಡು ಲೋಹದ ಪದರಗಳ ಮೂಲಕ ಹಿಂದಿನ ಫ್ಯೂಸಿಗೆ ಹೋಗಬೇಕು. ಎರಡು ಸರಳುಗಳ ನಡುವೆ ಮೂತಿ ಸಿಕ್ಕಿಕೊಂಡರೆ ಆ ಪದರಗಳು ಜಜ್ಜಿ ಒಂದಕ್ಕೊಂದು ತಾಗುತ್ತವೆ, ಶಾರ್ಟ್ ಆಗುತ್ತದೆ, ಸಿಡಿಯುವುದೇ ಇಲ್ಲ. ಹರಳು ನೇರವಾಗಿ ಸರಳಿಗೇ ಬಡಿದರೆ ಮಾತ್ರ ಪಂಜರದಿಂದ ಪ್ರಯೋಜನವಿಲ್ಲ.

ಟ್ಯಾಂಕಿನ ಚಾವಣಿ ಮೊದಲಿನಿಂದಲೂ ತೆಳು. ಎಲ್ಲ ಕಡೆ ದಪ್ಪ ಮಾಡಿದರೆ ಅದು ಚಲಿಸುವುದಿಲ್ಲ. 1990ರ ದಶಕದಲ್ಲಿ ಬಂದ ಜಾವೆಲಿನ್ ಕ್ಷಿಪಣಿ ಮೇಲಕ್ಕೇರಿ ಅಲ್ಲಿಂದ ಚಾವಣಿಗೇ ಎರಗುತ್ತದೆ. ನಮ್ಮ ಡಿ.ಆರ್.ಡಿ.ಒ.ದ ನಾಗ್ ಕೂಡ ಹಾಗೇ ಹೊಡೆಯಬಲ್ಲದು. ಉಕ್ರೇನಿನಲ್ಲಿ ಇದೇ ಕೆಲಸವನ್ನು ಆರ್.ಪಿ.ಜಿ.ಯ ಸಿಡಿತಲೆ ಕಟ್ಟಿದ ಚಿಕ್ಕ ಡ್ರೋನುಗಳು ಮಾಡುತ್ತಿವೆ, ಟ್ಯಾಂಕುಗಳ ನೆತ್ತಿಯ ಮೇಲೂ ಈಗ ಪಂಜರ ಬಂದಿದೆ.

ಇನ್ನೊಂದು ದಾರಿ, ಕವಚಕ್ಕೆ ತಾಗುವ ಮೊದಲೇ ಹೊಡೆದುಹಾಕುವುದು. ಇಸ್ರೇಲಿನ ಟ್ರೋಫಿ ವ್ಯವಸ್ಥೆ ರಾಡಾರಿನಿಂದ ರಾಕೆಟ್ ಬರುವುದನ್ನು ಕಂಡು, ಅದರತ್ತ ಚೂರುಗಳನ್ನು ಎರಚುತ್ತದೆ. 2011ರಲ್ಲಿ ಗಾಜಾ ಹತ್ತಿರ ಅದು ಮೊದಲ ಸಲ ನಿಜವಾದ ದಾಳಿಯನ್ನು ತಡೆಯಿತು. ಇದಕ್ಕೂ ಉತ್ತರ ಸಿದ್ಧವಿದೆ. ರಷ್ಯಾದ ಆರ್.ಪಿ.ಜಿ.-30ರಲ್ಲಿ ಎರಡು ನಳಿಗೆ. ಚಿಕ್ಕದರಿಂದ ಮೊದಲು ಒಂದು ಹುಸಿ ರಾಕೆಟ್ ಹೊರಡುತ್ತದೆ. ರಾಡಾರು ಅದನ್ನು ಹೊಡೆಯಲು ಹೋದಾಗ, ಮತ್ತೆ ಸಜ್ಜಾಗುವ ಮೊದಲೇ, ಜೋಡಿ ಸಿಡಿತಲೆಯ ದೊಡ್ಡ ರಾಕೆಟ್ ಹಿಂದೆಯೇ ಬಂದಿರುತ್ತದೆ.